ಹಬ್ಬದ ದಿನ ರಜೆ ಯಾರಿಗೆ, ಪಾಳಿ ಯಾರಿಗೆ?

2025ರ ಅಕ್ಟೋಬರ್ 2. ಗುರುವಾರ, ಗಾಂಧಿ ಜಯಂತಿ, ಅದೇ ದಿನ ವಿಜಯದಶಮಿ. ಅರಮನೆಯಿಂದ ಹೊರಟ ಜಂಬೂಸವಾರಿ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ವೃತ್ತ, ಹೈವೇ ವೃತ್ತ ದಾಟಿ ಬನ್ನಿಮಂಟಪ ಸೇರುವವರೆಗೆ ಮೈಸೂರಿನ ಪೂರ್ವಕ್ಕೂ ಪಶ್ಚಿಮಕ್ಕೂ ನಡುವಿನ ನೇರ ದಾರಿ ಮುಚ್ಚಿರುತ್ತದೆ. ಸರಸ್ವತಿಪುರಂ ಇರುವುದು ಈ ದಾರಿಯ ಪಶ್ಚಿಮಕ್ಕೆ. ಇಲ್ಲಿನ ನರ್ಸಿಂಗ್ ಹೋಮ್‌ಗಳಲ್ಲಿ ಕೆಲಸ ಮಾಡುವವರೆಲ್ಲ ತೊಣಚಿಕೊಪ್ಪಲಿನಲ್ಲೋ ಕುವೆಂಪುನಗರದಲ್ಲೋ ಇರುವುದಿಲ್ಲ. ಉದಯಗಿರಿ, ರಾಜೀವನಗರ, ನಜರ್‌ಬಾದ್ ಕಡೆಯಿಂದ ಬರುವವರೂ ಇದ್ದಾರೆ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗಬೇಕು. ಬರಬೇಕಾದವರು ಬ್ಯಾರಿಕೇಡ್‌ನ ಆ ಕಡೆ, ಹೋಗಬೇಕಾದವರು ಈ ಕಡೆ.

ಈ ತೊಂದರೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಬಹಳಷ್ಟು ಕಡೆ ದಸರಾದ ಡ್ಯೂಟಿ ಲಿಸ್ಟ್ ಸಿದ್ಧವಾಗುವುದು ಹಬ್ಬಕ್ಕೆ ಒಂದು ವಾರ ಇರುವಾಗ. ಅಷ್ಟು ಹೊತ್ತಿಗೆ ಮೊದಲು ಕೇಳಿದವರಿಗೆ ರಜೆ ಸಿಕ್ಕಿರುತ್ತದೆ, ಜೋರಾಗಿ ಕೇಳಿದವರಿಗೂ ಸಿಕ್ಕಿರುತ್ತದೆ. ಉಳಿದವರಿಗೆ ಸಿಗುವುದು ಒಂದು ಮಾತು: ‘ಈ ಸಲ ಅಡ್ಜಸ್ಟ್ ಮಾಡ್ಕೊಳಮ್ಮ, ಮುಂದಿನ ಸಲ ನೋಡೋಣ.’ ಮುಂದಿನ ಸಲ ಅದನ್ನು ನೆನಪಿಡುವವರು ಯಾರೂ ಇರುವುದಿಲ್ಲ, ಏಕೆಂದರೆ ಅದನ್ನು ಎಲ್ಲಿಯೂ ಬರೆದಿರುವುದಿಲ್ಲ.

ಹಬ್ಬದ ದಿನ ಎಲ್ಲರಿಗೂ ರಜೆ ಕೊಡಲು ಆಸ್ಪತ್ರೆಗೆ ಆಗದು. ಕೆಲವರಿಗೆ ‘ಇಲ್ಲ’ ಎನ್ನಲೇಬೇಕು. ಯಾವ ಲೆಕ್ಕವೂ ಇಲ್ಲದೆ, ಪ್ರತಿವರ್ಷ ಅದೇ ನಾಲ್ಕು ಜನರಿಗೆ ಇಲ್ಲ ಎನ್ನುವುದು ಮಾತ್ರ ಅನ್ಯಾಯ. ಇದನ್ನು ತಪ್ಪಿಸಲು ಬೇಕಾದದ್ದು ಅರ್ಜಿ ಬರುವ ಮೊದಲೇ ಹಾಕಿದ ಒಂದು ಲೆಕ್ಕ ಮತ್ತು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ದಾಟುವ ಒಂದು ಪುಸ್ತಕ. ಸರಸ್ವತಿಪುರಂನ ಯಾವುದೋ ಮೇನ್‌ನಲ್ಲಿ ಇರಬಹುದಾದ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್ ಒಂದನ್ನು ಉದಾಹರಣೆಗೆ ಇಟ್ಟುಕೊಂಡು, 2025ರ ಹಬ್ಬದ ದಿನಾಂಕಗಳ ಮೇಲೆ ಆ ಲೆಕ್ಕವನ್ನು ಹಾಕಿ ನೋಡೋಣ. ಆಸ್ಪತ್ರೆ ಕಲ್ಪಿತ, ದಿನಾಂಕಗಳು ನಿಜ.

ಹದಿನಾಲ್ಕು ನರ್ಸ್‌ಗಳ ಲೆಕ್ಕ

ಈ ಆಸ್ಪತ್ರೆಯಲ್ಲಿ ಮಾಮೂಲಿ ದಿನ ಬೆಳಗಿನ ಪಾಳಿಗೆ ನಾಲ್ವರು, ಮಧ್ಯಾಹ್ನಕ್ಕೆ ಮೂವರು, ರಾತ್ರಿಗೆ ಮೂವರು ನರ್ಸ್‌ಗಳು ಬೇಕು. ದಿನಕ್ಕೆ ಹತ್ತು ಪಾಳಿ, ವಾರಕ್ಕೆ ಎಪ್ಪತ್ತು. ಒಬ್ಬರು ವಾರಕ್ಕೆ ಆರು ದಿನ ದುಡಿದರೆ ಹನ್ನೆರಡು ಜನ ಸಾಕು ಎಂದು ಕಾಣುತ್ತದೆ. ಆದರೆ ಇದು ಯಾರೂ ರಜೆಯನ್ನೇ ಹಾಕದ ಆಸ್ಪತ್ರೆಯ ಲೆಕ್ಕ. ವರ್ಷದ 365 ದಿನಗಳಲ್ಲಿ 52 ವಾರದ ರಜೆ, ಹತ್ತು ರಾಷ್ಟ್ರೀಯ ಮತ್ತು ಹಬ್ಬದ ರಜೆ, ಹನ್ನೆರಡು ಸಿ.ಎಲ್., ಹದಿನೈದು ಇ.ಎಲ್. ಕಳೆದರೆ ಒಬ್ಬ ನರ್ಸ್ ನಿಜವಾಗಿ ಕೆಲಸಕ್ಕೆ ಸಿಗುವುದು 276 ದಿನ. ವರ್ಷದ 3,650 ಪಾಳಿಗಳನ್ನು 276ರಿಂದ ಭಾಗಿಸಿದರೆ ಹದಿಮೂರಕ್ಕಿಂತ ತುಸು ಹೆಚ್ಚು ಬರುತ್ತದೆ. ಕಾಯಿಲೆಯ ದಿನಗಳಿಗೂ ಜಾಗ ಬಿಟ್ಟರೆ ಹದಿನಾಲ್ಕು.

ಹನ್ನೆರಡಕ್ಕೂ ಹದಿನಾಲ್ಕಕ್ಕೂ ಇರುವ ವ್ಯತ್ಯಾಸದಲ್ಲೇ ಹಬ್ಬದ ಜಗಳದ ಬೇರು ಇದೆ. ಹನ್ನೆರಡೇ ಜನ ಇರುವ ಕಡೆ ಮಾಮೂಲಿ ದಿನಗಳಲ್ಲಿ ಯಾರಿಗೂ ರಜೆ ಸಿಗುವುದಿಲ್ಲ. ಇ.ಎಲ್. ಕೂಡುತ್ತಾ ಹೋಗುತ್ತದೆ. ಆಪರೇಷನ್‌ಗಳು ಕಡಿಮೆಯಾಗುವ ಹಬ್ಬದ ವಾರದಲ್ಲಿ ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಆಗ ಮೇಲಿನವರಿಗೆ ‘ಇವರಿಗೆಲ್ಲ ಹಬ್ಬಕ್ಕೇ ರಜೆ ಬೇಕು’ ಎನಿಸುತ್ತದೆ. ಆಗಸ್ಟ್ ತಿಂಗಳಲ್ಲಿ ರಜೆ ರಿಜಿಸ್ಟರ್ ತೆರೆದು ನೋಡಿ. ಹೆಚ್ಚಿನವರ ಖಾತೆಯಲ್ಲಿ ವರ್ಷದ ಮುಕ್ಕಾಲು ಪಾಲು ರಜೆ ಹಾಗೇ ಉಳಿದಿದ್ದರೆ, ಸಮಸ್ಯೆ ದಸರಾದ್ದಲ್ಲ, ನೇಮಕಾತಿಯದ್ದು. ಅದನ್ನು ಯಾವ ಜಾಣ ಪಟ್ಟಿಯೂ ಸರಿಮಾಡದು. ಭಾರತೀಯ ಶುಶ್ರೂಷಾ ಪರಿಷತ್ತು ತನ್ನ ಮಾನದಂಡದಲ್ಲಿ ಶೇ 30ರಷ್ಟು ರಜೆ ಮೀಸಲು ಸೇರಿಸಲು ಹೇಳಿರುವುದು ಇದೇ ಕಾರಣಕ್ಕೆ.

ನಮ್ಮ ಉದಾಹರಣೆಯಲ್ಲಿ ಹದಿನಾಲ್ಕು ಜನರಿದ್ದಾರೆ ಎಂದುಕೊಳ್ಳೋಣ. ಮಾಮೂಲಿ ದಿನ ಹತ್ತು ಜನ ಕೆಲಸದಲ್ಲಿ, ನಾಲ್ವರು ಹೊರಗೆ. ಹಬ್ಬದ ದಿನ ಎಷ್ಟು ಜನ ಹೊರಗಿರಬಹುದು? ಇದರ ಉತ್ತರ ನರ್ಸ್‌ಗಳ ಕೈಯಲ್ಲಿಲ್ಲ, ಡಾಕ್ಟರ್‌ಗಳ ಕೈಯಲ್ಲಿದೆ. ಅಕ್ಟೋಬರ್ 1ರಿಂದ 3ರವರೆಗೆ ಮೊದಲೇ ದಿನ ಗೊತ್ತುಮಾಡುವ ಆಪರೇಷನ್ ಇಲ್ಲ, ಒ.ಪಿ.ಡಿ. ಅರ್ಧ ದಿನ ಎಂದು ಅವರು ಒಪ್ಪಿದರೆ ಪಾಳಿಗಳನ್ನು ಮೂರು, ಮೂರು, ಎರಡಕ್ಕೆ ಇಳಿಸಬಹುದು. ಒಟ್ಟು ಎಂಟು. ಹೊರಗಿರುವವರು ಆರು. ಅದರಲ್ಲಿ ಒಬ್ಬರು ಊರು ಬಿಟ್ಟು ಹೋಗದೆ, ಕರೆದರೆ ಒಂದು ಗಂಟೆಯೊಳಗೆ ಬರುವ ಹಾಗೆ ಸ್ಟ್ಯಾಂಡ್‌ಬೈ ಇರಬೇಕು. ಉಳಿದ ಐವರು ನೆಮ್ಮದಿಯಿಂದ ಊರಿಗೆ ಹೋಗಬಹುದು.

ಇಲ್ಲಿ ಒಂದು ಮಾತು ತಪ್ಪುವುದುಂಟು. ‘ವಿಜಯದಶಮಿಯ ದಿನವೇ ಮಗು ಹುಟ್ಟಲಿ’ ಎಂದು ಕೇಳಿಕೊಂಡು ಬರುವ ಮನೆಯವರು ಇದ್ದೇ ಇರುತ್ತಾರೆ. ಡಾಕ್ಟರ್ ಒಪ್ಪಿ ಅಂದಿಗೆ ಎರಡು ಸಿಸೇರಿಯನ್ ಇಟ್ಟುಕೊಂಡರೆ, ಇನ್‌ಚಾರ್ಜ್ ಸಿಸ್ಟರ್‌ಗೆ ಅದು ಗೊತ್ತಾಗುವುದು ಹಿಂದಿನ ದಿನ. ಆಗ ಮುರಿಯುವುದು ಯಾರೋ ಒಬ್ಬ ನರ್ಸ್‌ನ ರಜೆ. ಆದ್ದರಿಂದ ಡಾಕ್ಟರ್‌ಗಳ ನಿರ್ಧಾರ ನರ್ಸ್‌ಗಳ ಪಟ್ಟಿಗಿಂತ ಮೊದಲೇ ಲಿಖಿತವಾಗಿ ಬರಬೇಕು. ಬಂದ ಮೇಲೆ ಬದಲಿಸಬೇಕಾದರೆ, ಆ ಪಾಳಿಗೆ ಯಾರು ಬರುತ್ತಾರೆ ಎಂಬುದನ್ನೂ ಬದಲಿಸಿದವರೇ ಇನ್‌ಚಾರ್ಜ್ ಜೊತೆ ಕೂತು ತೀರ್ಮಾನಿಸಬೇಕು. ತಾನಾಗಿ ಬರುವ ಹೆರಿಗೆಗೆ, ಅಪಘಾತಕ್ಕೆ, ದೀಪಾವಳಿಯ ಪಟಾಕಿ ಗಾಯಕ್ಕೆ ಜನ ಇರಲೇಬೇಕು. ಆ ಎಂಟು ಜನ ಇರುವುದೇ ಅದಕ್ಕಾಗಿ.

ಏಳು ದಿನ, ನಾಲ್ಕು ಪಾಳಿ

ಮೈಸೂರು ಸೀಮೆಯವರಿಗೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚು ಬೇಡಿಕೆ ಇರುವ ದಿನಗಳು ಏಳು. 2025ರಲ್ಲಿ ಅವು ಹೀಗಿದ್ದವು: ಆಗಸ್ಟ್ 26ರ ಗೌರಿ, 27ರ ಗಣೇಶ, ಸೆಪ್ಟೆಂಬರ್ 21ರ ಮಹಾಲಯ ಅಮಾವಾಸ್ಯೆ, ಅಕ್ಟೋಬರ್ 1ರ ಆಯುಧಪೂಜೆ, 2ರ ವಿಜಯದಶಮಿ, 20ರ ನರಕ ಚತುರ್ದಶಿ, 22ರ ಬಲಿಪಾಡ್ಯಮಿ. ಎಲ್ಲರಿಗೂ ಎಲ್ಲ ದಿನವೂ ಒಂದೇ ತೂಕದ್ದಲ್ಲ. ಮದುವೆಯಾದ ಹೊಸತರಲ್ಲಿ ಗೌರಿ ಹಬ್ಬಕ್ಕೆ ತವರಿಗೆ ಹೋಗಿ ಬಾಗಿನ ಪಡೆಯಬೇಕು. ಮನೆಯ ಹಿರಿಯ ಮಗನಿಗೆ ಮಹಾಲಯದ ಎಡೆ ಮುಖ್ಯ. ಆಂಬ್ಯುಲೆನ್ಸ್ ಡ್ರೈವರ್‌ಗೆ, ಲ್ಯಾಬ್‌ನವರಿಗೆ ಆಯುಧಪೂಜೆ ಬೇಕು, ಕೆಲವರಿಗೆ ಅಂದು ಕೆಲಸದ ಜಾಗದಲ್ಲೇ ಇರಬೇಕು. ಈ ಭಿನ್ನತೆ ಪಟ್ಟಿ ಮಾಡುವವರಿಗೆ ದೊಡ್ಡ ಸಹಾಯ, ಆದರೆ ಕೇಳಿದರೆ ಮಾತ್ರ ಅದು ತಿಳಿಯುತ್ತದೆ.

ಲೆಕ್ಕ ನೋಡಿ. ಏಳೂ ದಿನ ಇದೇ ರೀತಿ ಕೆಲಸ ಇಳಿಸಿದರೆ ದಿನಕ್ಕೆ ಎಂಟರಂತೆ ಐವತ್ತಾರು ಪಾಳಿ. ಹದಿನಾಲ್ಕು ಜನ ಹಂಚಿಕೊಂಡರೆ ತಲಾ ನಾಲ್ಕು. ಅಂದರೆ ಪ್ರತಿಯೊಬ್ಬರಿಗೂ ಏಳರಲ್ಲಿ ನಾಲ್ಕು ಹಬ್ಬ ಆಸ್ಪತ್ರೆಯಲ್ಲಿ, ಮೂರು ಹಬ್ಬ ಮನೆಯಲ್ಲಿ. ರಾತ್ರಿ ಪಾಳಿ ದಿನಕ್ಕೆ ಎರಡು, ಏಳು ದಿನಕ್ಕೆ ಹದಿನಾಲ್ಕು, ಹಾಗಾಗಿ ತಲಾ ಒಂದೇ ಒಂದು ರಾತ್ರಿ. ಸ್ಟ್ಯಾಂಡ್‌ಬೈ ಏಳು ದಿನಕ್ಕೆ ಏಳು, ಆದ್ದರಿಂದ ಅರ್ಧದಷ್ಟು ಜನರಿಗೆ ಮೂರು ಮನೆಯ ದಿನಗಳಲ್ಲಿ ಒಂದು ಸ್ಟ್ಯಾಂಡ್‌ಬೈ. ಮುಂದಿನ ವರ್ಷ ಅದು ಉಳಿದ ಅರ್ಧಕ್ಕೆ.

ಈ ಲೆಕ್ಕವನ್ನು ಗೋಡೆಗೆ ಅಂಟಿಸಿದರೆ ಜಗಳದ ಸ್ವರೂಪವೇ ಬದಲಾಗುತ್ತದೆ. ಆವರೆಗೆ ‘ನನಗೆ ರಜೆ ಕೊಡ್ತೀರಾ ಇಲ್ಲವಾ’ ಎಂದು ಕೇಳುತ್ತಿದ್ದವರು ‘ನನ್ನ ಮೂರು ದಿನ ಯಾವುದು’ ಎಂದು ಕೇಳತೊಡಗುತ್ತಾರೆ. ಕೇಳಿ ಬೇಡಿ ಪಡೆಯಬೇಕಾಗಿದ್ದ ರಜೆಗೆ ಒಂದು ಅಳತೆ ಸಿಗುತ್ತದೆ. ನಾಲ್ಕಕ್ಕಿಂತ ಹೆಚ್ಚು ಹಬ್ಬಕ್ಕೆ ದುಡಿದವರು ಯಾರು, ಕಡಿಮೆ ದುಡಿದವರು ಯಾರು ಎಂಬುದು ಎಲ್ಲರ ಕಣ್ಣಿಗೆ ಬೀಳುತ್ತದೆ.

ರಾತ್ರಿ ಪಾಳಿಯ ವಿಚಾರದಲ್ಲಿ ಒಂದು ಎಚ್ಚರ ಬೇಕು. ಆಯುಧಪೂಜೆಯ ರಾತ್ರಿ ದುಡಿದವರು ವಿಜಯದಶಮಿಯ ಬೆಳಿಗ್ಗೆ ಮನೆಗೆ ಹೋಗಿ ಮಲಗುತ್ತಾರೆ. ರಿಜಿಸ್ಟರ್‌ನಲ್ಲಿ ಅವರಿಗೆ ಎರಡನೆಯ ದಿನ ‘ನೈಟ್ ಆಫ್’ ಎಂದು ಇರುತ್ತದೆ, ಅದನ್ನೇ ಹಬ್ಬದ ರಜೆ ಎಂದು ಎಣಿಸಿಬಿಡುತ್ತಾರೆ. ಇದು ಸರಿಯಲ್ಲ. ಅವರು ಕಳೆದುಕೊಂಡದ್ದು ಎರಡು ಹಬ್ಬ. ಪುಸ್ತಕದಲ್ಲಿ ಆ ರಾತ್ರಿಯನ್ನು ಎರಡು ಪಾಳಿ ಎಂದೇ ಬರೆಯಬೇಕು. ಆಗ ಒಬ್ಬರದು ನಾಲ್ಕಕ್ಕಿಂತ ಹೆಚ್ಚಾಗಿ ಕಾಣಬಹುದು, ಆ ಹೆಚ್ಚುವರಿ ಮುಂದಿನ ವರ್ಷದ ಆದ್ಯತೆಯಾಗಿ ಉಳಿಯುತ್ತದೆ.

ತಲೆ ಎಣಿಸಿದರೆ ಸಾಲದು

ಎಂಟು ಜನ ಇದ್ದರೆ ಆಯಿತು ಎಂದುಕೊಂಡು ಪಟ್ಟಿ ಮಾಡಿದವರಿಗೆ ಪೆಟ್ಟು ಬೀಳುವುದು ಹೆರಿಗೆ ಕೋಣೆಯಲ್ಲಿ. ಹದಿನಾಲ್ಕು ನರ್ಸ್‌ಗಳಲ್ಲಿ ಲೇಬರ್ ರೂಮ್ ಕೆಲಸ ಚೆನ್ನಾಗಿ ಗೊತ್ತಿರುವವರು ಐವರು ಎಂದಿಟ್ಟುಕೊಳ್ಳಿ. ಪ್ರತಿ ಪಾಳಿಗೆ ಅಂಥವರು ಒಬ್ಬರಾದರೂ ಇರಲೇಬೇಕು. ಮೂರು ಪಾಳಿಗೆ ಮೂವರು. ಉಳಿಯುವುದು ಇಬ್ಬರೇ. ಅವರಲ್ಲೊಬ್ಬರು ಸ್ಟ್ಯಾಂಡ್‌ಬೈ ಆಗಬೇಕು, ಏಕೆಂದರೆ ಹೆರಿಗೆ ಗೊತ್ತಿರುವವರು ಹುಷಾರು ತಪ್ಪಿದರೆ ಗೊತ್ತಿರುವವರೇ ಬರಬೇಕು.

ಅಕ್ಟೋಬರ್ 2ಕ್ಕೆ ಒಂಬತ್ತು ಜನ ರಜೆ ಕೇಳಿದರು ಎಂದುಕೊಳ್ಳೋಣ. ಹೆರಿಗೆ ಗೊತ್ತಿರುವ ಐವರಲ್ಲಿ ನಾಲ್ವರು, ಉಳಿದ ಒಂಬತ್ತು ಜನರಲ್ಲಿ ಐವರು. ಬಿಡಬಹುದಾದದ್ದು ಆರು ಜನರನ್ನು. ಮೊದಲ ಗುಂಪಿನಿಂದ ಇಬ್ಬರು, ಎರಡನೆಯ ಗುಂಪಿನಿಂದ ನಾಲ್ವರು. ಹೀಗಾಗಿ ಮೂವರಿಗೆ ಇಲ್ಲ ಎನ್ನಬೇಕಾಗುತ್ತದೆ. ಹೆರಿಗೆ ಗೊತ್ತಿರುವ ನಾಲ್ವರಲ್ಲಿ ಇಬ್ಬರಿಗೆ ಇಲ್ಲ, ಗೊತ್ತಿಲ್ಲದ ಐವರಲ್ಲಿ ಒಬ್ಬರಿಗೆ ಮಾತ್ರ ಇಲ್ಲ. ಹೆಚ್ಚು ಕೆಲಸ ಕಲಿತದ್ದಕ್ಕೆ ಸಿಕ್ಕಿದ್ದು ಕಡಿಮೆ ರಜೆ. ಇದು ಯಾರ ದುರುದ್ದೇಶವೂ ಅಲ್ಲ, ಆದರೆ ಅನುಭವಿಸುವವರಿಗೆ ಶಿಕ್ಷೆಯೇ. ಕೆಲವು ವರ್ಷ ಹೀಗಾದರೆ ಹೊಸಬರು ‘ನನಗೆ ಲೇಬರ್ ರೂಮ್ ಬೇಡ’ ಎನ್ನಲು ಶುರುಮಾಡುತ್ತಾರೆ.

ಇದಕ್ಕೆ ಮದ್ದು ಸೆಪ್ಟೆಂಬರ್‌ನಲ್ಲಿ ಸಿಗುವುದಿಲ್ಲ. ಯುಗಾದಿಯ ಹೊತ್ತಿಗೇ ಇನ್ನಿಬ್ಬರನ್ನು ಲೇಬರ್ ರೂಮ್‌ಗೆ ಹಾಕಿ, ಅನುಭವಿಗಳ ಜೊತೆ ನಿಲ್ಲಿಸಿ, ಇನ್‌ಚಾರ್ಜ್ ಸಿಸ್ಟರ್ ಮತ್ತು ಡಾಕ್ಟರ್ ಇಬ್ಬರೂ ‘ಇವರು ಒಬ್ಬರೇ ನಿಭಾಯಿಸಬಲ್ಲರು’ ಎಂದು ಒಪ್ಪುವಷ್ಟು ತಯಾರು ಮಾಡಬೇಕು. ಏಳು ಜನರಾದರೆ ಮೂವರು ಕೆಲಸದಲ್ಲಿದ್ದರೂ ನಾಲ್ವರು ಹೊರಗಿರಬಹುದು. ವಿಜಯದಶಮಿಗೆ ಇಲ್ಲ ಎನಿಸಿಕೊಳ್ಳುವವರ ಸಂಖ್ಯೆ ಆಗಲೂ ಮೂರೇ. ಆದರೆ ಅದು ಕೇಳಿದ ಒಂಬತ್ತು ಜನರಲ್ಲಿ ಯಾರ ಮೇಲೆ ಬೇಕಾದರೂ ಸಮನಾಗಿ ಬೀಳುತ್ತದೆ, ಒಂದೇ ಗುಂಪಿನ ತಲೆಯ ಮೇಲಲ್ಲ.

ಒಬ್ಬರೋ ಇಬ್ಬರೋ ಮಾತ್ರ ಇರುವ ಹುದ್ದೆಗಳ ಕಥೆ ಬೇರೆ. ಫಾರ್ಮಸಿಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಬಿಟ್ಟು ಬೇರೆಯವರು ಚೀಟಿ ನೋಡಿ ಔಷಧ ಕೊಡುವಂತಿಲ್ಲ, 1948ರ ಫಾರ್ಮಸಿ ಕಾಯ್ದೆಯೇ ಹಾಗೆ ಹೇಳುತ್ತದೆ. ಹಾಗಾಗಿ ಇಬ್ಬರು ಫಾರ್ಮಸಿಸ್ಟ್‌ಗಳಿದ್ದರೆ ಇಬ್ಬರಿಗೂ ಒಂದೇ ದಿನ ರಜೆ ಕೊಟ್ಟು ‘ಹುಡುಗ ನೋಡ್ಕೋತಾನೆ’ ಎನ್ನಲಾಗದು. ಇಲ್ಲಿ ಆಯುಧಪೂಜೆ ಒಬ್ಬರಿಗೆ, ವಿಜಯದಶಮಿ ಇನ್ನೊಬ್ಬರಿಗೆ; ಮರುವರ್ಷ ಅದಲುಬದಲು. ಲ್ಯಾಬ್‌ನಲ್ಲಿ ಒಬ್ಬರೇ ಟೆಕ್ನಿಷಿಯನ್ ಇದ್ದರೆ ಅಕ್ಕಪಕ್ಕದ ರಸ್ತೆಯ ಲ್ಯಾಬ್ ಜೊತೆ ಒಪ್ಪಂದ ಬೇಕು. ಯಾವ ಪರೀಕ್ಷೆ ಅವರು ಮಾಡುತ್ತಾರೆ, ಸ್ಯಾಂಪಲ್ ಯಾರು ಒಯ್ಯುತ್ತಾರೆ, ರಾತ್ರಿ ಯಾವ ನಂಬರ್‌ಗೆ ಫೋನ್ ಮಾಡಬೇಕು ಎಂಬಷ್ಟನ್ನಾದರೂ ಬರೆದು ಹಬ್ಬಕ್ಕೆ ಹದಿನೈದು ದಿನ ಮೊದಲು ಒಮ್ಮೆ ಕಳುಹಿಸಿ ನೋಡಬೇಕು. ಏಜೆನ್ಸಿಯಿಂದ ಬರುವ ಹೌಸ್‌ಕೀಪಿಂಗ್‌ನವರ ವಿಷಯದಲ್ಲಿ ‘ಜನ ಕಳಿಸ್ತೀವಿ ಸಾರ್’ ಎಂಬ ಭರವಸೆ ಸಾಲದು. ಯಾವ ದಿನ ಯಾರು ಎಂದು ಹೆಸರಿನ ಪಟ್ಟಿಯೇ ಬೇಕು. ಅವರಿಗೂ ಹಬ್ಬವಿದೆ ಎಂಬುದು ಆ ಹೆಸರು ಬರೆಯುವಾಗ ನೆನಪಾದರೂ ಆದೀತು.

ಕೇಳುವ ಕ್ರಮ, ಕೊಡುವ ಕ್ರಮ

ಮುಂಗಡ ಟಿಕೆಟ್ ಸಿಗುವ ಮೊದಲೇ ರಜೆ ಪಟ್ಟಿ ಹೊರಬೀಳಬೇಕು. ರೈಲ್ವೆಯಲ್ಲಿ ಈಗ ಅರವತ್ತು ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. 2025ರ ತಿರುಓಣಂಗೆ ಕೇರಳಕ್ಕೆ ಹೋಗಬೇಕಿದ್ದವರಿಗೆ ಅದು ಜುಲೈ ಮೊದಲ ವಾರ, ಗೌರಿ ಹಬ್ಬಕ್ಕಾದರೆ ಜೂನ್ ಕೊನೆಯ ವಾರ. ಆದ್ದರಿಂದ ಮೇ ಕೊನೆಯಲ್ಲಿ ಹಾಳೆ ಹಂಚಿ, ಜೂನ್ ಮಧ್ಯದಲ್ಲಿ ವಾಪಸ್ ಪಡೆದು, ಜೂನ್ 25ರೊಳಗೆ ಪಟ್ಟಿ ಅಂಟಿಸಬೇಕು. ಅಷ್ಟು ಮುಂಚೆ ಹೇಗೆ ಸಾಧ್ಯ ಎನ್ನಬೇಡಿ. ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿ ಹಿಂದಿನ ವರ್ಷದ ಕೊನೆಯಲ್ಲೇ ಬಂದಿರುತ್ತದೆ, ಪಂಚಾಂಗವಂತೂ ಯುಗಾದಿಗೆ ಕೈಯಲ್ಲಿರುತ್ತದೆ.

ಹಾಳೆಯಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಮೂರು ದಿನಗಳನ್ನು ಮುಖ್ಯವಾದದ್ದು ಮೊದಲು ಎಂಬ ಕ್ರಮದಲ್ಲಿ ಬರೆಯುತ್ತಾರೆ. ಕಾರಣ ಬರೆಯಬೇಕಿಲ್ಲ. ಕಾರಣ ಕೇಳಲು ಶುರುಮಾಡಿದ ಕೂಡಲೇ ಯಾರ ಕಾರಣ ದೊಡ್ಡದು ಎಂದು ತೂಗುವ ಕೆಲಸ ಬರುತ್ತದೆ. ‘ನಿಂಗೇನಮ್ಮ, ಇನ್ನೂ ಮದುವೆ ಆಗಿಲ್ಲ, ಮಕ್ಕಳಿಲ್ಲ, ನೀನು ಡ್ಯೂಟಿ ಮಾಡು’ ಎಂಬ ಮಾತು ಹುಟ್ಟುವುದು ಅಲ್ಲಿಯೇ. ಮದುವೆಯಾಗದವರಿಗೂ ಅಪ್ಪ ಅಮ್ಮ ಇರುತ್ತಾರೆ. ಹಾಸ್ಟೆಲ್‌ನಲ್ಲಿದ್ದು ದುಡಿಯುವ ಹುಡುಗಿಗೆ ವರ್ಷಕ್ಕೆ ಒಂದು ಸಲ ಊರಿನ ಮನೆಯಲ್ಲಿ ಹಬ್ಬದೂಟ ಮಾಡುವ ಆಸೆ ಕಡಿಮೆಯದಲ್ಲ.

ಒಂದು ದಿನಕ್ಕೆ ಜಾಗಕ್ಕಿಂತ ಹೆಚ್ಚು ಹೆಸರು ಬಂದರೆ ಆಗ ಹಬ್ಬದ ಪುಸ್ತಕ ತೆರೆಯಬೇಕು. ಹಿಂದಿನ ವರ್ಷ ಅದೇ ಹಬ್ಬಕ್ಕೆ ಕೆಲಸದಲ್ಲಿದ್ದವರಿಗೆ ಮೊದಲ ಆದ್ಯತೆ. ಅಲ್ಲಿಯೂ ಸಮವಾದರೆ, ಹಿಂದಿನ ವರ್ಷ ಒಟ್ಟು ಹೆಚ್ಚು ಹಬ್ಬದ ಪಾಳಿ ಮಾಡಿದವರಿಗೆ. ಅದೂ ಸಮವಾದರೆ ಎಲ್ಲರೆದುರು ಚೀಟಿ ಎತ್ತುವುದು. ಹೆರಿಗೆ ಗೊತ್ತಿರುವವರಿಗೆ ಬೇರೆ ಚೀಟಿ, ಉಳಿದವರಿಗೆ ಬೇರೆ. ಚೀಟಿಯಲ್ಲಿ ಹೆಸರು ಬರದವರಿಗೆ ತಮ್ಮ ಎರಡನೆಯ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲ ಸ್ಥಾನ. ಹೊಸದಾಗಿ ಸೇರಿದವರ ಹೆಸರಿನ ಮುಂದೆ ಹಿಂದಿನ ವರ್ಷ ಖಾಲಿ ಇರುತ್ತದೆ. ಅವರನ್ನು ‘ಏನೂ ದುಡಿಯದವರು’ ಎಂದು ಕೊನೆಗೆ ತಳ್ಳದೆ ಎಲ್ಲರ ಸರಾಸರಿಯನ್ನು ಬರೆದುಕೊಳ್ಳುವುದು ಒಳ್ಳೆಯದು.

ಇಲ್ಲ ಎಂದು ಹೇಳುವುದಕ್ಕೂ ಒಂದು ಕ್ರಮ ಬೇಕು. ಆ ಚೀಟಿ ಹೀಗಿರಬಹುದು: ‘ಅಕ್ಟೋಬರ್ 2ಕ್ಕೆ ಲೇಬರ್ ರೂಮ್‌ನಿಂದ ಇಬ್ಬರನ್ನು ಮಾತ್ರ ಬಿಡಬಹುದು. ನಾಲ್ವರು ಕೇಳಿದ್ದೀರಿ. ನೀವು 2024ರ ವಿಜಯದಶಮಿಗೆ ರಜೆಯಲ್ಲಿದ್ದಿರಿ, ಹಾಗಾಗಿ ಈ ಸಲ ಆಗದು. ಅಕ್ಟೋಬರ್ 20 ಮತ್ತು 22 ನಿಮಗೆ ಖಚಿತ. 2026ರ ವಿಜಯದಶಮಿಗೆ ನಿಮಗೆ ಮೊದಲ ಆದ್ಯತೆ.’ ಇದರಲ್ಲಿ ಎಷ್ಟು ಜಾಗವಿತ್ತು, ಏಕೆ ಆಗಲಿಲ್ಲ, ಬದಲಿಗೆ ಏನು ಸಿಕ್ಕಿತು, ಮುಂದಿನ ವರ್ಷಕ್ಕೆ ಏನು ಉಳಿಯಿತು ಎಂಬ ನಾಲ್ಕೂ ಇವೆ. ನಾಲ್ಕರಲ್ಲಿ ಯಾವುದನ್ನಾದರೂ ಬರೆಯಲು ಆಗುತ್ತಿಲ್ಲ ಎಂದರೆ ಆ ನಿರಾಕರಣೆಯನ್ನು ಇನ್ನೊಮ್ಮೆ ಯೋಚಿಸಬೇಕು.

ಪಟ್ಟಿ ಬಂದ ಮೇಲೆ ಅದಲುಬದಲು ಇದ್ದದ್ದೇ. ಅದನ್ನು ತಡೆಯಬಾರದು, ಬಾಯಿಮಾತಿನಲ್ಲಿ ಬಿಡಲೂಬಾರದು. ಹೆರಿಗೆ ಗೊತ್ತಿರುವವರ ಪಾಳಿಗೆ ಗೊತ್ತಿರುವವರೇ ಬರಬೇಕು, ಎರಡು ದಿನ ಮೊದಲು ಇನ್‌ಚಾರ್ಜ್ ಸಹಿ ಬೇಕು, ಪುಸ್ತಕದಲ್ಲಿ ಪಾಳಿಯ ಲೆಕ್ಕ ಸೇರುವುದು ನಿಜವಾಗಿ ದುಡಿದವರ ಹೆಸರಿಗೆ. ಈ ಕೊನೆಯ ನಿಯಮ ಇಲ್ಲದಿದ್ದರೆ ಮಾತು ಮೆತ್ತಗಿರುವವರು ಬೇರೆಯವರ ಹಬ್ಬದ ಪಾಳಿಗಳನ್ನೆಲ್ಲ ಹೊತ್ತು, ಪುಸ್ತಕದಲ್ಲಿ ಮಾತ್ರ ಆರಾಮಾಗಿದ್ದವರಂತೆ ಕಾಣುತ್ತಾರೆ.

ಎಲ್ಲರ ಹಬ್ಬವೂ ದಸರಾ ಅಲ್ಲ

2025ರ ಸೆಪ್ಟೆಂಬರ್ 5ರಂದು ತಿರುಓಣಂ ಮತ್ತು ಈದ್ ಮಿಲಾದ್ ಒಂದೇ ದಿನ ಬಂದವು. ಕೇರಳದ ನರ್ಸ್‌ಗಳೂ ಮುಸ್ಲಿಂ ಸಿಬ್ಬಂದಿಯೂ ಇರುವ ಆಸ್ಪತ್ರೆಗೆ ಅದು ದೊಡ್ಡ ಹಬ್ಬದ ದಿನವೇ, ಆದರೆ ‘ದಸರಾ ಪಟ್ಟಿ’ಯಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಕೊಡಗಿನವರಿಗೆ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ, ಮುಂದೆ ಪುತ್ತರಿ ಇದೆ. ಕ್ರಿಸ್‌ಮಸ್ ಇದೆ, ರಂಜಾನ್ ಇದೆ, ಮಂಡ್ಯ-ಚಾಮರಾಜನಗರದ ಹಳ್ಳಿಗಳಿಂದ ಬಂದವರಿಗೆ ಊರಹಬ್ಬ ಇದೆ.

ಕೊಡಬೇಕಾದ ಮೂರು ದಿನಗಳನ್ನು ಯಾರು ಬೇಕಾದರೂ ತಮ್ಮ ಹಬ್ಬಕ್ಕೆ ಇಟ್ಟುಕೊಳ್ಳಬಹುದು ಎಂದರೆ ಸಮಸ್ಯೆ ಬಹುಪಾಲು ಬಗೆಹರಿಯುತ್ತದೆ. ರಾಜ್ಯ ಸರ್ಕಾರಿ ನೌಕರರಿಗೆ ಪಟ್ಟಿಯಿಂದ ತಾವೇ ಆರಿಸಿಕೊಳ್ಳುವ ಪರಿಮಿತ ರಜೆ ಇದೆಯಲ್ಲ, ಅದೇ ಆಲೋಚನೆ. ಒಬ್ಬ ನರ್ಸ್ ತನ್ನ ಒಂದು ದಿನವನ್ನು ಓಣಂಗೆ ಇಟ್ಟುಕೊಂಡರೆ ವಿಜಯದಶಮಿಗೋ ದೀಪಾವಳಿಗೋ ಒಂದು ಜಾಗ ಬಿಡುಗಡೆಯಾಗುತ್ತದೆ. ಇಬ್ಬರಿಗೂ ಲಾಭ.

ಆದರೆ ಇದು ಅವರು ತಾವಾಗಿ ಆರಿಸಿದಾಗ ಮಾತ್ರ ನ್ಯಾಯ. ‘ನಿಮಗೆ ದಸರಾ ಇಲ್ವಲ್ಲ, ನೀವೇ ಮಾಡಿ’ ಎಂದು ಕೇಳದೆಯೇ ಹೆಸರು ಬರೆದರೆ ಅದು ಅನ್ಯಾಯ. ದಸರೆಯ ವಾರ ಮಕ್ಕಳಿಗೆ ಶಾಲೆಗೆ ರಜೆ ಇರುತ್ತದೆ, ನೆಂಟರು ಬಂದಿರುತ್ತಾರೆ, ದೀಪಾಲಂಕಾರ ನೋಡಲು ಎಲ್ಲ ಮನೆಯವರೂ ಹೋಗುತ್ತಾರೆ. ಪುಸ್ತಕದಲ್ಲಿ ಒಂದು ಸರಳ ಪರೀಕ್ಷೆ ಮಾಡಬಹುದು. ಮೂರು ವರ್ಷದ ವಿಜಯದಶಮಿಯ ಪುಟಗಳನ್ನು ಪಕ್ಕಪಕ್ಕ ಇಟ್ಟು, ಮೂರೂ ವರ್ಷ ಕೆಲಸದಲ್ಲಿದ್ದವರ ಹೆಸರಿಗೆ ಗೆರೆ ಎಳೆಯಿರಿ. ಗೆರೆ ಬಿದ್ದವರೆಲ್ಲ ಒಂದೇ ಧರ್ಮದವರೋ, ಹೊರರಾಜ್ಯದವರೋ, ಮದುವೆಯಾಗದವರೋ ಆಗಿದ್ದರೆ ಅದಕ್ಕೆ ಬೇರೆ ಸಾಕ್ಷಿ ಬೇಡ.

ದುಡಿದವರಿಗೆ ಏನು ಸಲ್ಲಬೇಕು

ಕರ್ನಾಟಕದ 1963ರ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ನಿಶ್ಚಿತ ದಿನಗಳು, ಜೊತೆಗೆ ಐದು ಹಬ್ಬದ ದಿನಗಳು ವೇತನ ಸಹಿತ ರಜೆ. ಆ ದಿನ ದುಡಿಸಿದರೆ ಎರಡು ಪಟ್ಟು ವೇತನ ಕೊಡಬೇಕು, ಇಲ್ಲವೇ ವೇತನದ ಜೊತೆಗೆ ಇನ್ನೊಂದು ದಿನ ಬದಲಿ ರಜೆ ಕೊಡಬೇಕು. ಅಂಗಡಿ, ಕಾರ್ಖಾನೆಗಳಿಗಾಗಿ ಬಂದ ಈ ಅಳತೆಯನ್ನು ನರ್ಸಿಂಗ್ ಹೋಮ್ ಕೂಡ ತನ್ನದಾಗಿಸಿಕೊಳ್ಳುವುದು ನ್ಯಾಯ. ಬದಲಿ ರಜೆಯ ದಿನಾಂಕವನ್ನು ಹಬ್ಬದ ಪಟ್ಟಿಯಲ್ಲೇ ಬರೆದುಬಿಡಬೇಕು. ‘ಕಾಂಪ್ ಆಫ್ ಆಮೇಲೆ ತಗೊಳ್ಳಿ’ ಎಂದ ಆ ‘ಆಮೇಲೆ’ ಬರುವುದು ಅಪರೂಪ.

ಹಬ್ಬದ ದಿನ ಪಾಳಿಗೆ ಬರುವವರ ದಾರಿಯನ್ನೂ ಯೋಚಿಸಬೇಕು. ವಿಜಯದಶಮಿಯಂದು ಎರಡು ಗಂಟೆಯ ಹ್ಯಾಂಡ್‌ಓವರನ್ನು ಹನ್ನೆರಡಕ್ಕೆ ತಂದರೆ ಪೂರ್ವದ ಬಡಾವಣೆಯವರು ಜನ ಸೇರುವ ಮೊದಲು ಮನೆ ಸೇರಬಹುದು. ಮಧ್ಯಾಹ್ನದ ಪಾಳಿಗೆ ಸರಸ್ವತಿಪುರಂ, ಕುವೆಂಪುನಗರ, ತೊಣಚಿಕೊಪ್ಪಲು ಕಡೆಯವರನ್ನೇ ಹಾಕಬಹುದು. ಆ ಪಾಳಿ ಎರಡು ಗಂಟೆ ಉದ್ದವಾದದ್ದನ್ನು ಹೆಚ್ಚುವರಿ ಕೆಲಸವೆಂದೇ ಬರೆಯಬೇಕು. ಬನ್ನಿಮಂಟಪದ ಪಂಜಿನ ಕವಾಯತು ಮುಗಿದು ಜನ ವಾಪಸಾಗುವ ಹೊತ್ತಿಗೆ ಪಾಳಿ ಬಿಟ್ಟು ಹೋಗುವ ನರ್ಸ್‌ಗೆ ವಾಹನ ಒದಗಿಸುವುದೂ ಆಸ್ಪತ್ರೆಯ ಜವಾಬ್ದಾರಿಯೇ.

ಇದೆಲ್ಲ ಎಲ್ಲ ಸೇವೆಗೂ ಹೀಗೇ ಹೊಂದುವುದಿಲ್ಲ. ಸರಸ್ವತಿಪುರಂನಲ್ಲೇ ಅಗ್ನಿಶಾಮಕ ಠಾಣೆ ಇದೆ, ಪೊಲೀಸ್ ಠಾಣೆ ಇದೆ. ದಸರಾದಲ್ಲಿ ನರ್ಸಿಂಗ್ ಹೋಮ್‌ನ ಕೆಲಸವನ್ನು ಸ್ವಲ್ಪ ಇಳಿಸಬಹುದು. ಇವರ ಕೆಲಸ ಏರುತ್ತದೆ. ಎಂಟು ಜನ ಸಾಕು ಎನ್ನುವ ಅವಕಾಶವೇ ಅವರಿಗಿಲ್ಲ. ಅಲ್ಲಿ ಹಂಚಲು ಆಗುವುದು ಹಬ್ಬದ ದಿನವನ್ನಲ್ಲ, ಹಬ್ಬದ ಹಿಂದುಮುಂದಿನ ವಾರಗಳನ್ನು. ಹಾಗಿದ್ದರೂ ಪುಸ್ತಕದ ನಿಯಮ ಅದೇ: ಯಾರು ಯಾವಾಗ ಬಿಟ್ಟುಕೊಟ್ಟರು, ಅದಕ್ಕೆ ಬದಲು ಯಾವ ದಿನಾಂಕಕ್ಕೆ ಸಿಕ್ಕಿತು.

ಪಟ್ಟಿ ಸರಿಯಾಗಿತ್ತೇ ಎಂದು ತಿಳಿಯುವುದು ಹಬ್ಬ ಮುಗಿದ ಮೇಲೆ. ಹಬ್ಬದ ಬೆಳಿಗ್ಗೆ ‘ಹುಷಾರಿಲ್ಲ’ ಎಂದು ಬಂದ ಫೋನ್‌ಗಳನ್ನು ಎಣಿಸಿ, ಮಾಮೂಲಿ ದಿನಗಳ ಜೊತೆ ಹೋಲಿಸಿ. ಹೆಚ್ಚಿದ್ದರೆ, ಕರೆ ಮಾಡಿದವರಲ್ಲಿ ಎಷ್ಟು ಜನರಿಗೆ ಮೊದಲು ರಜೆ ಇಲ್ಲ ಎಂದಿದ್ದಿರಿ ನೋಡಿ. ಮೆಮೊ ಕೊಡುವ ಮುನ್ನ ಅವರಿಗೆ ಕಾರಣ ಬರೆದು ಕೊಟ್ಟಿದ್ದೆವೇ ಎಂದು ಕೇಳಿಕೊಳ್ಳಿ. ಸ್ಟ್ಯಾಂಡ್‌ಬೈ ಎಷ್ಟು ಸಲ ಬರಬೇಕಾಯಿತು, ಡ್ಯೂಟಿ ಲಿಸ್ಟ್‌ನಲ್ಲಿ ಇನ್‌ಚಾರ್ಜ್ ಮತ್ತು ಮ್ಯಾನೇಜರ್ ಹೆಸರು ಎಷ್ಟು ಹಬ್ಬಕ್ಕೆ ಇತ್ತು ಎಂಬುದನ್ನೂ ಬರೆಯಿರಿ. ಪಟ್ಟಿ ಮಾಡುವವರೂ ಒಂದು ದೊಡ್ಡ ಹಬ್ಬಕ್ಕೆ ಪಾಳಿ ಹಾಕಿಕೊಳ್ಳದಿದ್ದರೆ ಉಳಿದವರು ಅದನ್ನು ನಂಬುವುದಿಲ್ಲ.

ಕೊನೆಯದಾಗಿ, ಆ ಪುಸ್ತಕ ಯಾರದು ಎಂಬ ಪ್ರಶ್ನೆ. ಇನ್‌ಚಾರ್ಜ್ ಸಿಸ್ಟರ್ ಕೆಲಸ ಬಿಟ್ಟು ಹೋಗುವಾಗ ಅವರ ಡೈರಿಯ ಜೊತೆ ಎಲ್ಲರ ಬಾಕಿಯೂ ಹೋಗಿಬಿಡುತ್ತದೆ. ಹಾಗಾಗಿ ಹಬ್ಬದ ಪುಸ್ತಕ ವಾರ್ಡಿನ ಆಸ್ತಿಯಾಗಿ ಇರಬೇಕು, ಔಷಧದ ಸ್ಟಾಕ್ ರಿಜಿಸ್ಟರ್ ಒಪ್ಪಿಸುವ ಹಾಗೆಯೇ ಅದನ್ನೂ ಸಹಿ ಹಾಕಿಸಿಕೊಂಡು ಒಪ್ಪಿಸಬೇಕು. 2025ರಲ್ಲಿ ಇಲ್ಲ ಎನಿಸಿಕೊಂಡ ಮೂವರ ಹೆಸರು ಮುಂದಿನ ವಿಜಯದಶಮಿಯ ಪುಟದ ಮೇಲ್ತುದಿಯಲ್ಲಿ ಈಗಲೇ ಬರೆದಿರಬೇಕು. ಹೊಸ ಇನ್‌ಚಾರ್ಜ್ ಅವರ ಮುಖವನ್ನೇ ನೋಡಿರದಿದ್ದರೂ ಆ ಮೂವರಿಗೆ ಮೊದಲು ರಜೆ ಕೊಡಬೇಕು. ಆಗ ಮಾತ್ರ ‘ಮುಂದಿನ ಸಲ ನೋಡೋಣ’ ಎಂಬ ಮಾತನ್ನು ಹೇಳುವ ಅರ್ಹತೆ ಒಂದು ಆಸ್ಪತ್ರೆಗೆ ಬರುತ್ತದೆ.